ಅದೇ ತ್ರಿಕೋನ, ಒಬ್ಬರ ಟಾರ್ಗೆಟ್ 300, ಇನ್ನೊಬ್ಬರದು 3,000: ಯಾವುದು ಖರೇ?

ಮುಳಗುಂದ_ನಾಕಾ (ಗದಗ)
ಎಲ್ಲಾರಿಗೂ ನಮಸ್ಕಾರ್ರಿ. ಹಳೇ ಚಾರ್ಟ್ ತಗೊಂಡು ಟಾರ್ಗೆಟ್ ಅಳಿಯೋದು ಕಲ್ಯಾಕತ್ತೀನಿ. ಎರಡು ಕಡೆ ಸಿಕ್ಕೊಂಡೀನಿ.

ಮೊದಲನೇದು 2018ರ ಬಿಟ್‌ಕಾಯಿನ್. ವರ್ಷದ ತುಂಬ 6,000 ಡಾಲರ್ ಹತ್ರ ತಳ, ಮ್ಯಾಲಿನ ತುದಿಗಳು ಇಳಕೋತ ಬಂದಾವು: ಮಾರ್ಚ್‌ನ್ಯಾಗ ಸುಮಾರು 11,700, ಮೇದಾಗ 9,990, ಜುಲೈದಾಗ 8,490, ಸೆಪ್ಟೆಂಬರ್‌ನ್ಯಾಗ 7,400. ಚೊಲೋ ಡಿಸೆಂಡಿಂಗ್ ಟ್ರಯಾಂಗಲ್. ಎತ್ತರ 11,700ರಾಗ 6,000 ಕಳದ್ರ 5,700. ಅದನ್ನ ತಳದಿಂದ ಕೆಳಗ ಇಳಿಸಿದ್ರ ಟಾರ್ಗೆಟ್ 300 ಡಾಲರ್! ನಮ್ಮ ದೋಸ್ತ ಅದೇ ಚಾರ್ಟಿಗೆ 3,000ದ ಮ್ಯಾಲೆ ಚೂರು ಅಂತಾನ. ಹೆಂಗ ಅಂದ್ರ ಹೇಳವಲ್ಲ.

ಎರಡನೇದು 2024ರ ನವೆಂಬರ್ ಬುಲ್ ಫ್ಲ್ಯಾಗ್. 66,800ರಿಂದ 99,600ರ ತನಕ ಕಂಬ, ಆಮ್ಯಾಲೆ ಸ್ವಲ್ಪ ಇಳದು ನಿಂತು ಮತ್ತ ಮ್ಯಾಲೆ ಹಾರಿತು. ಕಂಬದ ಉದ್ದ 32,800. ಇದನ್ನ ಫ್ಲ್ಯಾಗಿನ ಕೆಳಗಿನ ತುದಿಯಿಂದ ಕೂಡಿಸಬೇಕೋ, ಬ್ರೇಕ್‌ಔಟ್ ಆದಲ್ಲಿಂದನೋ? ಯಾವುದು ತಗೊಂಡ್ರೂ ಡಿಸೆಂಬರ್‌ನ್ಯಾಗ 1,08,000ಕ್ಕ ನಿಂತಿದ್ದು ಕೂಡೂದಿಲ್ಲ.

ದುರ್ಗದಬೈಲ್_ಬುಲ್ (ಹುಬ್ಬಳ್ಳಿ)
ಎತ್ತರ ಅಳಿ, ಒಡದಲ್ಲಿಂದ ಅಷ್ಟೇ ಹಚ್ಚು. ಮುಗೀತು. 300 ಬಂದ್ರ 300. ಟಾರ್ಗೆಟ್ ಮುಟ್ಟಲೇಬೇಕಂತ ಎಲ್ಲಿ ಬರದದ?

ಲಕ್ಕುಂಡಿ_ಬಾವಿ (ಗದಗ)
300 ಅಂದ್ರ 95% ಇಳಿಕೆ. ಆವಾಗ 6,000ಕ್ಕ ಕುಂತಿದ್ದ ಬಿಟ್‌ಕಾಯಿನ್ ಅಲ್ಲಿಗೆ ಹೋಗ್ತದ ಅಂತ ನೀವು ನಂಬತಿದ್ರೇನ್ರಿ ಬುಲ್ ಅವರ?

ಉಣಕಲ್_ಕೆರಿ (ಹುಬ್ಬಳ್ಳಿ)
ಮುಳಗುಂದ ಅವರ, ನಿಮ್ಮ ಲೆಕ್ಕ ತಪ್ಪಿಲ್ಲ, ಅಳತಿಗೋಲು ತಪ್ಪೇದ. ನೀವು ರೊಕ್ಕದಾಗ ಅಳದೀರಿ, ನಿಮ್ಮ ದೋಸ್ತರು ಅನುಪಾತದಾಗ ಅಳದಾರ.

ಹಿಂಗ ನೋಡ್ರಿ. 11,700ರಿಂದ 6,000ಕ್ಕ ಇಳಿಯೋದಂದ್ರ ಬೆಲೆ 0.513 ಪಟ್ಟು ಆಗೋದು. ಅದೇ ಪಟ್ಟಿನ ಇಳಿಕೆ ತಳದ ಕೆಳಗೂ ಒಮ್ಮೆ ಆದ್ರ 6,000 × 0.513, ಅಂದ್ರ 3,077. ಡಿಸೆಂಬರ್ 15ಕ್ಕ ಬಿಟ್‌ಕಾಯಿನ್ ತಳ ಕಂಡಿದ್ದು 3,100 – 3,200ರ ನಡುವ, ಎಕ್ಸ್‌ಚೇಂಜ್ ಮ್ಯಾಲೆ ಸ್ವಲ್ಪ ಹೆಚ್ಚು ಕಡಿಮಿ.

H ಅಂದ್ರ ಮೊದಲ ಮ್ಯಾಲಿನ ತುದಿ, B ಅಂದ್ರ ತಳ ಅಂತ ಇಟ್ಕೊಳ್ರಿ:

```
T_linear = B - (H - B)
T_log    = B * B / H
```

ತ್ರಿಕೋನ ಸಣ್ಣದಿದ್ದಾಗ ಎರಡೂ ಒಂದೇ ಅನಸ್ತಾವು. H 100, B 80 ಇದ್ರ ಒಂದು 60, ಇನ್ನೊಂದು 64. ಆದರ B 50ಕ್ಕ ಬಂತಂದ್ರ ಮೊದಲನೇದು ಸೊನ್ನೆ ತೋರಸ್ತದ, ಎರಡನೇದು 25. 50ಕ್ಕಿಂತ ಕೆಳಗ ಹೋದ್ರ ಮೊದಲನೇದು ಮೈನಸ್ ಬೆಲೆ ಕೊಡ್ತದ. ದಿನಾ ಒಂದೆರಡು ಪರ್ಸೆಂಟ್ ಅಲುಗಾಡೋ ಶೇರಿಗೆ ಬರೆದ ನಿಯಮ ಅದು. ಒಂದೇ ವರ್ಷದಾಗ ಅರ್ಧ ಆಗೋ ವಸ್ತುವಿಗೆ ಹಂಗ ಹಚ್ಚಿದ್ರ ಹಿಂಗ ಆಗ್ತದ.

ಟ್ರೇಡಿಂಗ್‌ವ್ಯೂ ಇದ್ರ Alt+L ಒತ್ರಿ, ಲಾಗ್ ಸ್ಕೇಲ್ ಆಗ್ತದ. ಅಲ್ಲಿ ಕಣ್ಣಿಗೆ ಸಮ ಕಾಣೋ ಎತ್ತರ ಅಂದ್ರ ಸಮ ಪಟ್ಟು. ಎತ್ತರದ ಗೆರಿ ಕಾಪಿ ಮಾಡಿ ತಳದಿಂದ ಕೆಳಗ ಇಟ್ರ ಸಾಕು, ಕ್ಯಾಲ್ಕುಲೇಟರ್ ಬೇಕಿಲ್ಲ.

ಮುಳಗುಂದ_ನಾಕಾ
ಹಂಗಂದ್ರ ಯಾವಾಗ್ಲೂ ಲಾಗ್‌ನ್ಯಾಗ ಅಳದ್ರ ಆತಲ್ರಿ?

ಉಣಕಲ್_ಕೆರಿ
ಕೆಳಗ ಹೋಗೋದಕ್ಕ ಹೌದು. ಮ್ಯಾಲೆ ಹೋಗೋದಕ್ಕ ಉಲ್ಟಾ. ಅದಕ್ಕ ಆಮ್ಯಾಲೆ ಬರ್ತೀನಿ.

ನವಲೂರ_ಪ್ಯಾರಲ (ಧಾರವಾಡ)
3,077 ಮತ್ತು 3,150 ಇಷ್ಟು ಹತ್ತಿರ ಬಂದಿದ್ದನ್ನು ನೋಡಿ ಖುಷಿಪಡುವ ಮೊದಲು ಒಂದು ಪ್ರಶ್ನೆ. H ಆಗಿ 11,700 ಅನ್ನೇ ಯಾಕೆ ತೆಗೆದುಕೊಂಡಿರಿ? ಮೇ ತಿಂಗಳ 9,990 ತೆಗೆದುಕೊಂಡರೆ ಲಾಗ್ ಟಾರ್ಗೆಟ್ 3,600 ಬರುತ್ತದೆ. ಇಳಿದ ಮೇಲೆ ಕುಳಿತು ಯಾವ H ಹೊಂದುತ್ತದೋ ಅದನ್ನು ಆರಿಸಿದರೆ ಯಾವ ಸೂತ್ರವೂ ಸರಿಯಾಗಿಯೇ ಕಾಣುತ್ತದೆ.

ಉಣಕಲ್_ಕೆರಿ
ಅಕ್ಕಾರ, ಪ್ರಶ್ನೆ ಬರೋಬರ್ ಅದ. ನಿಯಮ ಇಷ್ಟ: ತಳ ಮೊದಲನೇ ಸಲ ಮುಟ್ಟಿದ ಮ್ಯಾಲೆ ಬಂದ ಮೊದಲ ದೊಡ್ಡ ತುದಿ ಯಾವುದೋ ಅದು H. ಫೆಬ್ರವರಿ 6ಕ್ಕ ತಳ 6,000 ಮುಟ್ಟಿತು, ಆಮ್ಯಾಲಿನ ಏರಿಕೆ 11,700ರ ಆಸುಪಾಸಿಗೆ ನಿಂತಿತು. ಹಂಗಾಗಿ 11,700. ಜನವರಿಯ 17,000 ಯಾಕ ತಗೊಳ್ಳಲಿಲ್ಲ ಅಂತನೂ ಕೇಳಬಹುದು. ಆವಾಗ ತಳನೇ ಹುಟ್ಟಿರಲಿಲ್ಲ.

ಇದನ್ನ ಒಡಿಯೋದಕ್ಕಿಂತ ಮೊದಲೇ ಬರದು ಇಡಬೇಕು, ಅದು ನಿಮ್ಮ ಮಾತಿನ ಸಾರ. ಅದಕ್ಕ ನಾನೂ ಹ್ಞೂಂ ಅಂತೀನಿ.

ದುರ್ಗದಬೈಲ್_ಬುಲ್
ಇಷ್ಟೆಲ್ಲಾ ಯಾಕ್ರಿ? ಡಿಸೆಂಡಿಂಗ್ ಟ್ರಯಾಂಗಲ್ ಕಂಡ್ರ ಕೆಳಗ ಒಡಿತದ, ಬುಲ್ ಫ್ಲ್ಯಾಗ್ ಕಂಡ್ರ ಮ್ಯಾಲೆ ಒಡಿತದ. ಒಡಿಯೋದಕ್ಕ ಮೊದಲೇ ಹತ್ತಿ ಕುಂತ್ರ ಪೂರಾ ಲಾಭ.

ಲಕ್ಕುಂಡಿ_ಬಾವಿ
2021ರ ಬೇಸಗಿ ಮರತ್ರೇನು? ಮೇ 19ಕ್ಕ ಬಿಟ್‌ಕಾಯಿನ್ 30,000ಕ್ಕ ಬಿತ್ತು. ಆಮ್ಯಾಲೆ ತುದಿಗಳು 42,000, 41,000, 36,000 ಹತ್ರ ಇಳಕೋತ ಬಂದ್ವು. ಪೂರಾ ಇದೇ ಆಕಾರ. ಉಣಕಲ್ ಅವರ ಸೂತ್ರ ಹಾಕಿದ್ರ ಟಾರ್ಗೆಟ್ 21,400, ನಿಮ್ಮ ಸೂತ್ರಕ್ಕ 18,000. ಜುಲೈ 20ಕ್ಕ 30,000ದ ಕೆಳಗ ದಿನದ ಕ್ಲೋಸಿಂಗೂ ಆತು. ಎಲ್ಲಾರೂ ಒಡೀತು ಅಂದ್ರು. ಆರು ದಿನಕ್ಕ 40,000.

ದುರ್ಗದಬೈಲ್_ಬುಲ್
ಅದು ಟ್ರಯಾಂಗಲ್ ಆಗಿರಲಿಲ್ಲ, ರೇಂಜ್ ಆಗಿತ್ತು.

ಲಕ್ಕುಂಡಿ_ಬಾವಿ
ಹ್ಹಹ್ಹ. ಕೆಳಗ ಹೋದ್ರ ಟ್ರಯಾಂಗಲ್, ಮ್ಯಾಲೆ ಹೋದ್ರ ರೇಂಜ್.

ಉಣಕಲ್_ಕೆರಿ
ಇಬ್ರೂ ಜಗಳ ನಿಲ್ಲಸ್ರಿ, 2021 ಭಾಳ ಕಲಿಸೋ ಚಾರ್ಟ್ ಅದು. ಅಲ್ಲಿ ಆಗಿದ್ದ ತಪ್ಪು ತಳವನ್ನ ಒಂದೇ ಗೆರಿ ಅಂತ ಎಳದಿದ್ದು. 30,000 ಅನ್ನೋದು ದುಂಡು ಸಂಖ್ಯೆ, ಕಣ್ಣಿಗೆ ಚಂದ. ಆದರ ಜೂನ್ 22ಕ್ಕ ಬೆಲೆ 28,800ರ ತನಕ ಹೋಗಿ ಅದೇ ದಿನ 32,000ದ ಮ್ಯಾಲೆ ಎದ್ದು ನಿಂತಿತ್ತು. ಅಂದ್ರ ಕೊಳ್ಳೋರು ನಿಂತಿದ್ದು 28,800ರಿಂದ 31,000ದ ತನಕದ ಒಂದು ಪಟ್ಟಿಯೊಳಗ. ಜುಲೈ 20ರ ಕ್ಲೋಸಿಂಗ್ 29,800ರ ಹತ್ರ. ಗೆರಿ ಎಳದವರಿಗೆ ಅದು ಬ್ರೇಕ್‌ಡೌನ್, ಪಟ್ಟಿ ಎಳದವರಿಗೆ ಪಟ್ಟಿಯ ನಡುವ ಒಂದು ಸಾಮಾನ್ಯ ದಿನ.

ಹಂಗಾಗಿ ಮೊದಲ ಕೆಲಸ: ತಳ ಮುಟ್ಟಿದ ಪ್ರತಿ ಸಲದ ಅತೀ ಕೆಳಗಿನ ಬಾಲ ನೋಡ್ರಿ, ಕ್ಲೋಸಿಂಗ್ ಎಲ್ಲಿ ಆತು ನೋಡ್ರಿ, ಅವೆರಡರ ನಡುವಿನ ಜಾಗಕ್ಕ ಬಣ್ಣ ತುಂಬ್ರಿ. ಒಡೀತು ಅನ್ನಬೇಕಾದ್ರ ದಿನದ ಕ್ಲೋಸಿಂಗ್ ಆ ಪಟ್ಟಿಯ ಕೆಳಗಿನ ಅಂಚಿಗಿಂತಲೂ ಕೆಳಗ ಆಗಬೇಕು.

ನವಲೂರ_ಪ್ಯಾರಲ
ಇದೇ ಕಟ್ಟುನಿಟ್ಟಿನ ನಿಯಮವನ್ನು 2018ಕ್ಕೆ ಹಚ್ಚಿ ನೋಡಿ. ಅಲ್ಲಿ ಜೂನ್ ಅಂತ್ಯದ ಬಾಲ 5,750ರ ಹತ್ತಿರ ಇತ್ತು. ನವೆಂಬರ್ 14ರಂದು ಕುಸಿತ ಶುರುವಾಯಿತು, ಆದರೆ ಅಂದಿನ ಕ್ಲೋಸಿಂಗ್ 5,740 ಆಸುಪಾಸು. ಒಡೆದಿದೆಯೋ ಇಲ್ಲವೋ ಹೇಳುವುದೇ ಕಷ್ಟ. ಮರುದಿನದಿಂದ ನಾಲ್ಕು ದಿನ 5,600ರ ಹತ್ತಿರ ತೂಗಾಡಿತು. ಅನುಮಾನವಿಲ್ಲದ ಕ್ಲೋಸಿಂಗ್ ಬಂದದ್ದು 19ಕ್ಕೆ, 4,900ರ ಕೆಳಗೆ. ಅಷ್ಟು ಹೊತ್ತಿಗೆ ದಾರಿಯ ಮೂರನೇ ಒಂದು ಭಾಗ ಮುಗಿದಿತ್ತು.

ಉಣಕಲ್_ಕೆರಿ
ಹೌದ್ರಿ. ಸುಳ್ಳು ಒಡಕಿನಿಂದ ಉಳೀಬೇಕಂದ್ರ ಖರೇ ಒಡಕಿನಾಗ ತಡಾ ಆಗ್ತದ. ಎರಡೂ ಒಟ್ಟಿಗೆ ಸಿಗೂದಿಲ್ಲ. ನನ್ನ ಲೆಕ್ಕದಾಗ ಪಟ್ಟಿಯ ಕೆಳಗ ಕ್ಲೋಸಿಂಗ್ ಆದ ದಿನ ಅರ್ಧ ರೊಕ್ಕ ಹಚ್ಚೋದು, ಮರುದಿನನೂ ಪಟ್ಟಿಯೊಳಗ ವಾಪಸ್ ಹೋಗದಿದ್ರ ಇನ್ನರ್ಧ. 2018ಕ್ಕ ಇದು ಸುಮಾರು 5,650ಕ್ಕ ಒಳಗ ಬಿಡತಿತ್ತು, 2021ಕ್ಕ ಒಳಗನೇ ಬಿಡತಿರಲಿಲ್ಲ.

ಹಾವೇರಿ_ಏಲಕ್ಕಿಮಾಲೆ
ಅಣ್ಣಾರ, ದಿನದ ಕ್ಲೋಸಿಂಗ್ ಅಂದ್ರ ರಾತ್ರಿ 12ಕ್ಕ ಅಲ್ಲೇನ್ರಿ? ಕ್ರಿಪ್ಟೋ 24 ತಾಸೂ ನಡಿತದ.

ಲಕ್ಕುಂಡಿ_ಬಾವಿ
ಮುಂಜಾನೆ 5:30ಕ್ಕ. UTC ರಾತ್ರಿ 12 ಅಂದ್ರ ನಮ್ಮಲ್ಲಿ ನಸುಕು. ವಾರದ ಕ್ಯಾಂಡಲ್ ಸೋಮವಾರ ಮುಂಜಾನೆ 5:30ಕ್ಕ ಮುಗೀತದ. ರಾತ್ರಿ 11ಕ್ಕ ‘ಒಡೀತು’ ಅಂತ ಸ್ಕ್ರೀನ್‌ಶಾಟ್ ಹಾಕೋರದ್ದು ಅರ್ಧಾ ಬೆಂದ ಕ್ಯಾಂಡಲ್. ಚಾರ್ಟಿನ ಕೆಳಗ ಟೈಮ್ ಝೋನ್ ಕೋಲ್ಕತ್ತಾ ಅಂತ ಇಟ್ರೂ ದಿನದ ಕ್ಯಾಂಡಲ್ ಬದಲಾಗೂದಿಲ್ಲ, ತೋರಸೋ ಗಡಿಯಾರ ಅಷ್ಟ ಬದಲಾಗ್ತದ.

ಹಾವೇರಿ_ಏಲಕ್ಕಿಮಾಲೆ
ಓಹೋ. ಹಂಗಾದ್ರ ನನ್ನ ಚಾರ್ಟ್ ನೋಡ್ರಿ. ಒಂದು ಸಣ್ಣ ಕಾಯಿನ್, ಇಲ್ಲಿನ ಆ್ಯಪಿನ್ಯಾಗ ರೂಪಾಯಿ ಚಾರ್ಟ್. 38 ರೂಪಾಯಿಯಿಂದ 52ಕ್ಕ ಹೋತು, ಆಮ್ಯಾಲೆ 49 – 51ರಾಗ ಚಂದಂಗೆ ಫ್ಲ್ಯಾಗ್ ಮಾಡೇತಿ. 4 ತಾಸಿನ ಕ್ಯಾಂಡಲ್. ಕಂಬ 14 ರೂಪಾಯಿ, ಟಾರ್ಗೆಟ್ 65 ಹಿಡೀಲೇನು?

ಉಣಕಲ್_ಕೆರಿ
ತಮ್ಮಾ, ಅದೇ ಕಾಯಿನ್ನಿನ ಡಾಲರ್ ಅಥವಾ USDT ಚಾರ್ಟ್ ತಗದು ಪಕ್ಕಕ್ಕ ಇಡು. ಅಲ್ಲೂ ಅದೇ ಫ್ಲ್ಯಾಗ್ ಕಾಣತದೇನು?

ಹಾವೇರಿ_ಏಲಕ್ಕಿಮಾಲೆ
ನೋಡಿದೆ. ಅಲ್ಲಿ ಕಂಬ ಐತಿ, ಸಣ್ಣದು. ಫ್ಲ್ಯಾಗ್ ಇಲ್ಲ, ಸೀದಾ ಇಳಕೋತ ಹೊಂಟೈತಿ.

ಉಣಕಲ್_ಕೆರಿ
ಹಂಗಾದ್ರ ನೀನು ನೋಡಿದ್ದು ಆ ಕಾಯಿನ್ನಿನ ಫ್ಲ್ಯಾಗ್ ಅಲ್ಲ. ರೂಪಾಯಿ ಬೆಲೆಯೊಳಗ ಎರಡು ಸಂಗತಿ ಕೂಡಿರ್ತಾವು: ಕಾಯಿನ್ನಿನ ಡಾಲರ್ ಬೆಲೆ, ಮತ್ತ ಆ ಎಕ್ಸ್‌ಚೇಂಜಿನೊಳಗ USDTಗೆ ಎಷ್ಟು ರೂಪಾಯಿ ಅನ್ನೋದು. ನಮ್ಮಲ್ಲಿ USDT ಬ್ಯಾಂಕಿನ ಡಾಲರ್ ದರಕ್ಕಿಂತ ಹೆಚ್ಚಿಗೆ ಓಡ್ತದ, ಆ ಹೆಚ್ಚುವರಿನೂ ದಿನಾ ಏರಿಳಿತದ. ಕಾಯಿನ್ 4% ಇಳದಾಗ USDT 2% ಏರಿದ್ರ ನಿನ್ನ ಚಾರ್ಟಿನೊಳಗ 2% ಇಳದಂಗ ಕಾಣತದ. ಅದ ‘ಚಂದಂಗೆ ನಿಂತಿದ್ದು’.

ಇನ್ನೊಂದು, ಸಣ್ಣ ಕಾಯಿನ್ನಿನ ರೂಪಾಯಿ ಜೋಡಿಯೊಳಗ ವಹಿವಾಟನ ಇರೂದಿಲ್ಲ. ಕ್ಯಾಂಡಲ್ ಮ್ಯಾಲೆ ಬೆರಳಿಟ್ಟು ವಾಲ್ಯೂಮ್ ನೋಡು. ನಾಕು ತಾಸಿಗೆ ಕೆಲವೇ ಸಾವಿರ ರೂಪಾಯಿ ವಹಿವಾಟಾಗಿದ್ರ ಅದು ಆಕಾರ ಅಲ್ಲ, ಇಬ್ಬರು ಮೂವರ ಆರ್ಡರ್. ಆಕಾರ ಹುಡಕೋದು ಯಾವಾಗ್ಲೂ ಹೆಚ್ಚು ವಹಿವಾಟಿನ ಡಾಲರ್ ಚಾರ್ಟಿನ್ಯಾಗ. ಆಮ್ಯಾಲೆ ಟಾರ್ಗೆಟ್‌ನ ಪರ್ಸೆಂಟನ್ನ ರೂಪಾಯಿಗೆ ತರ್ಜುಮೆ ಮಾಡ್ಕೊ.

ಬ್ಯಾಡಗಿ_ಕಡ್ಡಿ
ನಮ್ಮ ಮೆಣಸಿನಕಾಯಿ ರೇಟಿನ ಚಾರ್ಟಿಗೆ ಹಾಕಿದ್ರ ಕೆಲಸ ಮಾಡ್ತೈತೇನ್ರಿ ಇದು? ನಮ್ಮಲ್ಲೂ ದರ ಏರಿ, ಇಳದು, ಮತ್ತ ಏರತಾವು.

ನವಲೂರ_ಪ್ಯಾರಲ
ಟೆಂಡರ್ ಇದ್ದ ದಿನ ಮಾತ್ರ ದರ ಸಿಗುತ್ತದೆ, ಅದೂ ಒಂದೊಂದು ಲಾಟಿನ ಬಣ್ಣ, ತೇವ, ಜಾತಿ ನೋಡಿ ಬೇರೆ ಬೇರೆ. ನಿನ್ನೆಯ ಮೆಣಸಿನಕಾಯಿ, ಇಂದಿನದು ಒಂದೇ ವಸ್ತು ಅಲ್ಲ. ಒಂದು ಬಿಟ್‌ಕಾಯಿನ್ ಇನ್ನೊಂದು ಬಿಟ್‌ಕಾಯಿನ್‌ನಂತೆಯೇ ಇರುತ್ತದೆ. ಸುಗ್ಗಿಯಲ್ಲಿ ಬರುವ ಆವಕ ಗೆರೆಗಳನ್ನು ಕೇಳುವುದಿಲ್ಲ.

ಬ್ಯಾಡಗಿ_ಕಡ್ಡಿ
ಆತ ಬಿಡ್ರಿ, ಕೋಲ್ಡ್ ಸ್ಟೋರೇಜಿನ ಚೀಲಾ ಎಣಿಸೋದೇ ಗತಿ ನಮಗ.

ಮುಳಗುಂದ_ನಾಕಾ
ಯಪ್ಪಾ, ನನ್ನ ಫ್ಲ್ಯಾಗ್ ಪ್ರಶ್ನೆ ಹಂಗ ಉಳೀತು 🙏

ಉಣಕಲ್_ಕೆರಿ
ಬಂದೆ ಬಂದೆ. ನಿಮ್ಮ 2024ರ ಚಾರ್ಟೇ ತಗೊಳ್ಳೋಣ.

ಮೊದಲು ಅದು ಫ್ಲ್ಯಾಗ್ ಹೌದೋ ಅಲ್ಲೋ. ಕಂಬ: ನವೆಂಬರ್ 4ರ 66,800ರಿಂದ 22ರ 99,600ರ ತನಕ, 18 ದಿನ, ನಡುವ ದೊಡ್ಡ ಇಳಿಕೆ ಇಲ್ಲ. ಇದು ಬೇಕು. ನೆಟ್ಟಗೆ ಏರದ, ಹತ್ತು ಕಡೆ ನಿಂತು ನಿಂತು ಏರಿದ್ದಕ್ಕ ಕಂಬ ಅನ್ನಬ್ಯಾಡ್ರಿ. ಆಮ್ಯಾಲೆ ಇಳಿಕೆ 26ಕ್ಕ 90,800ರ ತನಕ, ಅಂದ್ರ ಕಂಬದ ಸುಮಾರು 27%. ಚೊಲೋ ಫ್ಲ್ಯಾಗ್ ಕಂಬದ ಮೂರನೇ ಒಂದು ಭಾಗದಷ್ಟು ಇಳೀತದ. ಅರ್ಧಕ್ಕಿಂತ ಹೆಚ್ಚು ಇಳದ್ರ ನಾನು ಆ ಚಾರ್ಟ್ ಬಿಟ್ಟುಬಿಡ್ತೀನಿ, ಕಂಬ ಹತ್ತಿದವರು ಹೊರಗ ಹೊಂಟಾರ ಅಂತ ಅರ್ಥ. ಫ್ಲ್ಯಾಗಿನ ಕಾಲ 12–13 ದಿನ, ಕಂಬಕ್ಕಿಂತ ಕಡಿಮಿ, ಅದೂ ಸರಿ. ವಾಲ್ಯೂಮ್ ಕಂಬದೊಳಗ ಜೋರು, ಫ್ಲ್ಯಾಗಿನೊಳಗ ಇಳಕೋತ ಹೋಗಬೇಕು.

ಈಗ ಅಳತಿ. ನಾಕು ಉತ್ತರ ಬರ್ತಾವು. ಫ್ಲ್ಯಾಗಿನ ತಳದಿಂದ ರೊಕ್ಕದಾಗ ಕೂಡಿಸಿದ್ರ 90,800 + 32,800 = 1,23,600. ಬ್ರೇಕ್‌ಔಟ್ 98,000ದಿಂದ ಕೂಡಿಸಿದ್ರ 1,30,800. ಲಾಗ್‌ನ್ಯಾಗ ಪಟ್ಟು 1.49, ಹಂಗಾಗಿ ತಳದಿಂದ 1,35,000ದ ಮ್ಯಾಲೆ, ಬ್ರೇಕ್‌ಔಟಿನಿಂದ 1,46,000. ಮೊದಲನೇದಕ್ಕೂ ಕೊನೇದಕ್ಕೂ 22,000 ಡಾಲರ್ ಫರಕು!

ನಾನು ಹಿಡಿಯೋದು ಅತೀ ಸಣ್ಣದನ್ನ. ಕೆಳಗ ಹೋಗುವಾಗ ಲಾಗ್ ಹತ್ತಿರದ ಉತ್ತರ ಕೊಡ್ತದ, ಮ್ಯಾಲೆ ಹೋಗುವಾಗ ದೂರದ್ದು ಕೊಡ್ತದ. ಎರಡೂ ಕಡೆ ಹತ್ತಿರದ್ದನ್ನ ತಗೊಂಡ್ರ ನಿಮ್ಮ ಲಾಭದ ಲೆಕ್ಕ ಉಬ್ಬಿರೂದಿಲ್ಲ. ಹತ್ತಿರದ ಟಾರ್ಗೆಟ್ ಹಿಡಿದೂ ಲೆಕ್ಕ ಕೂಡದಿದ್ರ ಆ ಟ್ರೇಡ್ ಬ್ಯಾಡ.

ದುರ್ಗದಬೈಲ್_ಬುಲ್
ನೋಡ್ರಿ ಮತ್ತ! 2025ರ ಜುಲೈದಾಗ 1,23,000 ಮುಟ್ಟಿತು. ಟಾರ್ಗೆಟ್ 1,23,600. ಫ್ಲ್ಯಾಗ್ ಪಾಸ್. ನಾ ಹೇಳಿದ್ದೆ, ಆಕಾರ ಸುಳ್ಳು ಹೇಳೂದಿಲ್ಲ.

ಲಕ್ಕುಂಡಿ_ಬಾವಿ
ಬುಲ್ ಅವರ, ನಡುವ ಏಪ್ರಿಲ್‌ನ್ಯಾಗ 75,000ಕ್ಕ ಬಂದಿದ್ದು ಯಾರ ಚಾರ್ಟ್? ಫ್ಲ್ಯಾಗಿನ ತಳ 90,800. ಸ್ಟಾಪ್ ಅದರ ಕೆಳಗ ಇಟ್ಟವರೆಲ್ಲ ಎಂದೋ ಹೊರಗ ಹೋಗಿದ್ರು. 12 ದಿನದ ಫ್ಲ್ಯಾಗಿಗೆ ಏಳು ತಿಂಗಳು ಬಿಟ್ಟು ಮಾರ್ಕು ಕೊಡ್ತೀರೇನು?

ಉಣಕಲ್_ಕೆರಿ
ಇಲ್ಲಿ ಲಕ್ಕುಂಡಿ ಅವರ ಮಾತೇ ಸರಿ. ಟಾರ್ಗೆಟಿಗೆ ಬೆಲೆ ಅಷ್ಟ ಅಲ್ಲ, ವಾಯಿದೆನೂ ಇರಬೇಕು. ನಾನು ಕಂಬ ಮತ್ತ ಫ್ಲ್ಯಾಗ್ ಎರಡೂ ಕೂಡಿ ಎಷ್ಟು ದಿನ ತಗೊಂಡ್ವೋ ಅಷ್ಟು ದಿನ ಕೊಡ್ತೀನಿ, ಇಲ್ಲಿ ಸುಮಾರು 30. ಡಿಸೆಂಬರ್ 5ರಿಂದ 30 ದಿನದಾಗ ಬಂದ ಅತೀ ಮ್ಯಾಲಿನ ಬೆಲೆ 17ನೇ ತಾರೀಖಿನ 1,08,000 ಚಿಲ್ಲರೆ. ಅಂದ್ರ ತಳದಿಂದ ಕಂಬದ ಸುಮಾರು ಅರ್ಧ. ಮುಳಗುಂದ ಅವರು ಕೇಳಿದ ‘ಯಾಕ ಕೂಡೂದಿಲ್ಲ’ ಅನ್ನೋದಕ್ಕ ಉತ್ತರ ಅದ: ಈ ಫ್ಲ್ಯಾಗ್ ಟಾರ್ಗೆಟ್ ಮುಟ್ಟಲಿಲ್ಲ. ನಿಮ್ಮ ಅಳತಿ ತಪ್ಪಾಗಿ ಅಲ್ಲ.

ಇನ್ನೊಂದು ಇದರೊಳಗ ಐತಿ. ಡಿಸೆಂಬರ್ 5ಕ್ಕ ಒಡದು 1,04,000 ತನಕ ಹೋತು, ಅದೇ ದಿನ 92,000ದ ಹತ್ತಿರ ಒಂದು ಬಾಲ ಬಿಟ್ಟಿತು, ಕೆಲವು ಎಕ್ಸ್‌ಚೇಂಜಿನೊಳಗ ಅದಕ್ಕೂ ಕೆಳಗ. ಸ್ಟಾಪನ್ನ ಫ್ಲ್ಯಾಗಿನ ಮ್ಯಾಲಿನ ಗೆರಿಯ ಕೆಳಗ ಇಟ್ಟವರು ಅಲ್ಲೇ ಸಾಫ್. ಸಾಲ ಮಾಡಿ ಫ್ಯೂಚರ್ಸ್ ಹಿಡಿದವರ ಪೊಸಿಷನ್ ತಾವೇ ಮಾರಾಟ ಆದಾಗ ಇಂಥ ಬಾಲ ಬರ್ತಾವು.

ನವಲೂರ_ಪ್ಯಾರಲ
ನನಗೆ ಅದು ಫ್ಲ್ಯಾಗ್ ಅನಿಸಲೇ ಇಲ್ಲ. ಫ್ಲ್ಯಾಗಿನ ಎರಡು ಗೆರೆಗಳು ಸಮಾನಾಂತರವಾಗಿ ಸ್ವಲ್ಪ ಕೆಳಗೆ ವಾಲಿರಬೇಕು. ಇಲ್ಲಿ 26ರ ನಂತರ ತಳಗಳು ಏರುತ್ತಾ ಬಂದವು, ಮೇಲೆ ಮಾತ್ರ 98–99 ಸಾವಿರದ ಗೋಡೆ. ಅದು ಒಂದು ಲಕ್ಷದ ಎದುರು ನಿಂತ ಜನಜಂಗುಳಿ. ಕಂಬದ ನಿಯಮ ಅದಕ್ಕೆ ಹೊಂದುವುದಿಲ್ಲ. ಆ ಪೆಟ್ಟಿಗೆಯ ಎತ್ತರ 8,800 ಮಾತ್ರ ತೆಗೆದುಕೊಂಡು 99,600ಕ್ಕೆ ಸೇರಿಸಿ: 1,08,400. ಡಿಸೆಂಬರ್ 17ಕ್ಕೆ ಬಂದದ್ದು ಅದೇ.

ಮುಳಗುಂದ_ನಾಕಾ
ಅಯ್ಯೋ! ಇದು ಹೆಂಗ ಬಂತು?

ಉಣಕಲ್_ಕೆರಿ
ಅಕ್ಕಾರ ಇಲ್ಲಿ ನನ್ನ ಬಾಯಿ ಮುಚ್ಚಿಸಿದ್ರು. ಆದರ ನೀವ ಮೊದಲು ಹೇಳಿದ ಮಾತು ನಿಮಗೂ ಹತ್ತತದ: ಆದ ಮ್ಯಾಲೆ ಹೊಂದೋ ಪೆಟ್ಟಿಗೆ ಹುಡಕಿದ್ರೇನೋ?

ನವಲೂರ_ಪ್ಯಾರಲ
ಹತ್ತುತ್ತದೆ, ಒಪ್ಪಿದೆ. ಅದಕ್ಕೇ ನಾನು ಎರಡನ್ನೂ ಬರೆದಿಡುತ್ತೇನೆ: ಪೆಟ್ಟಿಗೆಯ ಎತ್ತರದ್ದು ಮೊದಲ ಟಾರ್ಗೆಟ್, ಕಂಬದ್ದು ಎರಡನೆಯದು. ಮೊದಲನೆಯದರಲ್ಲಿ ಅರ್ಧ ಮಾರಿ ಸ್ಟಾಪನ್ನು ಕೊಂಡ ಬೆಲೆಗೆ ತರುವುದು. ಫ್ಲ್ಯಾಗೋ ಪೆಟ್ಟಿಗೆಯೋ ಎಂಬ ಜಗಳ ಆಗ ದುಡ್ಡಿನ ಜಗಳವಾಗಿ ಉಳಿಯುವುದಿಲ್ಲ.

ಹಾವೇರಿ_ಏಲಕ್ಕಿಮಾಲೆ
ಡಿಸೆಂಡಿಂಗ್ ಟ್ರಯಾಂಗಲ್ ಕೆಳಗ ಒಡದಾಗ ನಾ ಏನ್ ಕೊಳ್ಳಬೇಕು ಹಂಗಾದ್ರ? ನನ್ನ ಹತ್ರ ಫ್ಯೂಚರ್ಸ್ ಇಲ್ಲ, ಬರೇ ಸ್ಪಾಟ್. 3,077ಕ್ಕ ಆರ್ಡರ್ ಹಾಕಿ ಕುಂದ್ರೋದೇನು?

ಲಕ್ಕುಂಡಿ_ಬಾವಿ
ಏನೂ ಕೊಳ್ಳೋದಲ್ಲೋ ಮಾರಾಯಾ. ಸ್ಪಾಟ್‌ನ್ಯಾಗ ಇದ್ದವನಿಗೆ ಅದು ಹೊರಗ ಹೋಗೋ ಗಂಟಿ. ಟಾರ್ಗೆಟ್ ಅಂದ್ರ ಬೆಲೆ ಅಲ್ಲಿ ತಿರುಗತದ ಅನ್ನೋ ಗ್ಯಾರಂಟಿ ಅಲ್ಲ, ಅಷ್ಟರ ತನಕ ಹೋಗಬಹುದು ಅನ್ನೋ ಅಂದಾಜು. ಅಲ್ಲಿ ಆರ್ಡರ್ ಹಾಕೋದು ಬೇರೆ ಟ್ರೇಡ್, ಅದಕ್ಕ ಬೇರೆ ಕಾರಣ ಬೇಕು.

ದುರ್ಗದಬೈಲ್_ಬುಲ್
ಎಲ್ಲಾ ಸರಿ, ಎಷ್ಟು ಸಿಕ್ರ ಹಿಡೀಬೇಕು ಅಂತ ಹೇಳ್ರಿ. ನಾನು 1 ಕಳಕೊಂಡು 2 ಸಿಗೋದಿದ್ರ ಸಾಕು ಅಂತೀನಿ. ಮೂರರಾಗ ಒಂದು ಗೆದ್ರೂ ಮುಳುಗೂದಿಲ್ಲ.

ಲಕ್ಕುಂಡಿ_ಬಾವಿ
ಬ್ಯಾರೆ ದೇಶದಾಗ ಇದ್ರ ಖರೇ. ನಮ್ಮಲ್ಲಿ ಕ್ರಿಪ್ಟೋ ಮಾರಿದ ಲಾಭಕ್ಕ 2022ರ ಏಪ್ರಿಲ್‌ನಿಂದ 30% ತೆರಿಗಿ, ಮ್ಯಾಲೆ 4% ಸೆಸ್, ಒಟ್ಟು 31.2. ಒಂದು ಕಾಯಿನ್ನಿನ ನಷ್ಟ ಇನ್ನೊಂದರ ಲಾಭದಾಗ ಕಳಿಯಂಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯಂಗಿಲ್ಲ. ಹಂಗಾಗಿ ಗೆದ್ದಾಗ ನಿಮ್ಮ 2 ಕೈಗೆ ಬರೋದು 1.376. ಸೋತಾಗ ಪೂರಾ 1. ಸಮ ಆಗಬೇಕಂದ್ರ 100ರಾಗ 33 ಅಲ್ಲ, 42 ಗೆಲ್ಲಬೇಕು. ಮಾರುವಾಗ ಹಿಡಿಯೋ 1% ಟಿಡಿಎಸ್ ಆಮ್ಯಾಲೆ ರಿಟರ್ನ್‌ನ್ಯಾಗ ಹೊಂದಿಸಬಹುದು, ಆದರ ಅಲ್ಲಿ ತನಕ ಬಂಡವಾಳ ಸಿಕ್ಕೊಂಡಿರ್ತದ. 4 ತಾಸಿನ ಫ್ಲ್ಯಾಗಿನ್ಯಾಗ 5%ಕ್ಕ ಆಸೆ ಮಾಡೋರಿಗೆ ಅದೂ ಭಾರ.

ದುರ್ಗದಬೈಲ್_ಬುಲ್
ಈ ಲೆಕ್ಕ ನಾ ಹಾಕಿರಲಿಲ್ಲ ಬಿಡ್ರಿ.

ಉಣಕಲ್_ಕೆರಿ
ಅದನ್ನ ಈ ಫ್ಲ್ಯಾಗಿಗೆ ಹಚ್ರಿ. 98,000ಕ್ಕ ಒಳಗ, ಸ್ಟಾಪ್ ತಳದ ಕೆಳಗ 90,000, ಅಂದ್ರ ಹೋದ್ರ 8,000. ಅಕ್ಕಾರ ಟಾರ್ಗೆಟ್ 1,08,400 ಹಿಡಿದ್ರ ಬರೋದು 10,400, ತೆರಿಗಿ ಕಳದು ಸುಮಾರು 7,150. ಹೋಗೋದಕ್ಕಿಂತ ಬರೋದು ಕಡಿಮಿ! ಕಂಬದ ಟಾರ್ಗೆಟ್ 1,23,600 ಹಿಡಿದ್ರ ತೆರಿಗಿ ಕಳದು 17,600, ಆದರ ಅದು ಮುಟ್ಟಲಿಲ್ಲ. ಈ ಚಾರ್ಟಿನ್ಯಾಗ ಒಡದ ಮ್ಯಾಲೆ ಹತ್ತೋದರಾಗ ಅರ್ಥ ಇರಲಿಲ್ಲ. 92–93 ಸಾವಿರದ ಹತ್ರ ಫ್ಲ್ಯಾಗಿನ ಒಳಗೇ ಕೊಂಡವರಿಗೆ ಅಷ್ಟ ಲೆಕ್ಕ ಕೂಡತಿತ್ತು.

ದುರ್ಗದಬೈಲ್_ಬುಲ್
ಅದನ್ನೇ ಅಲ್ರೀ ನಾ ಮೊದಲು ಹೇಳಿದ್ದು! ಒಡಿಯೋದಕ್ಕ ಮೊದಲೇ ಹತ್ತಬೇಕಂತ!

ಉಣಕಲ್_ಕೆರಿ
ಹ್ಹಹ್ಹ, ಅರ್ಧ ಮಾರ್ಕು ನಿಮಗ. ತಳದ ಹತ್ತಿರ ಹತ್ತಬೇಕು, ಸ್ಟಾಪ್ ಎರಡು ಹೆಜ್ಜಿ ದೂರ ಇದ್ದಾಗ. ಸಿಕ್ಕಲ್ಲಿ ಹತ್ತೋದಲ್ಲ. ಒಡಿಯದೇ ಕೆಳಗ ಹೋಗೋ ಫ್ಲ್ಯಾಗುಗಳ ಪೆಟ್ಟನ್ನೂ ಆವಾಗ ನೀವೇ ತಿನ್ನಬೇಕು.

ಮುಳಗುಂದ_ನಾಕಾ
ನೀವು ಹೇಳಿದಂಗ 2019 ತಗೊಂಡು ನಾನೇ ಮಾಡಿದೆ, ತಪ್ಪಿದ್ರ ತಿದ್ರಿ. ಜೂನ್ 26ರ ತುದಿ ಸುಮಾರು 13,800. ತಳ 9,300ರ ಹತ್ರ, ಪಟ್ಟಿ ಕೆಳಗ 9,050ರ ತನಕ. ಸೆಪ್ಟೆಂಬರ್ 24ಕ್ಕ ಒಡೀತು. ಶೀಟಿನ್ಯಾಗ A2ರಾಗ ತುದಿ, B2ರಾಗ ತಳ ಹಾಕೀನಿ:

```
=B2-(A2-B2)
=B2*B2/A2
```

ಮೊದಲನೇದು 4,800, ಎರಡನೇದು 6,267. ಡಿಸೆಂಬರ್ 18ಕ್ಕ ಬಿದ್ದಿದ್ದು 6,430ರ ಹತ್ರ. ಮತ್ತ ಲಾಗ್‌ದೇ ಹತ್ರ ಬಂತು!

ಲಕ್ಕುಂಡಿ_ಬಾವಿ
ಅಕ್ಟೋಬರ್ 26 ನೋಡ್ರಿ ಅದೇ ಚಾರ್ಟಿನ್ಯಾಗ.

ಮುಳಗುಂದ_ನಾಕಾ
ನೋಡಿದೆ… 10,000ದ ಮ್ಯಾಲೆ ಹೋಗೇತಿ. 7,300ರಿಂದ ಎರಡೇ ದಿನಕ್ಕ.

ಲಕ್ಕುಂಡಿ_ಬಾವಿ
ತಳದ ಪಟ್ಟಿ ದಾಟಿ ಮ್ಯಾಲೆ. ಶಾರ್ಟ್ ಹಿಡಿದವರ ಸ್ಟಾಪ್ ಎಲ್ಲಾ ಹಾರಿಸಿ, ಆಮ್ಯಾಲೆ ಎರಡು ತಿಂಗಳಿಗೆ ಟಾರ್ಗೆಟ್ ಹತ್ರ ಹೋತು. ನಿಮ್ಮ ಶೀಟಿನೊಳಗ ಇನ್ನೊಂದು ಕಾಲಂ ಬೇಕು: ಟಾರ್ಗೆಟಿಗೆ ಹೋಗೋ ದಾರಿಯೊಳಗ ಬೆಲೆ ನಿಮ್ಮ ಎದುರು ಎಷ್ಟು ಹೋತು ಅನ್ನೋದು.

ನವಲೂರ_ಪ್ಯಾರಲ
ಅಲ್ಲದೆ 13,800 ನಿಮ್ಮ ನಿಯಮಕ್ಕೆ ಹೊಂದುತ್ತದೆಯೇ ಉಣಕಲ್ ಅವರೇ? ತಳ 9,050 ಮೊದಲು ಮುಟ್ಟಿದ್ದು ಜುಲೈ 17ಕ್ಕೆ. 13,800 ಬಂದದ್ದು ಅದಕ್ಕಿಂತ ಮೊದಲು. ನಿಮ್ಮ ಲೆಕ್ಕದಲ್ಲಿ H ಆಗಸ್ಟ್‌ನ 12,300 ಆಗಬೇಕು, ಟಾರ್ಗೆಟ್ 7,030. ಅದು ನವೆಂಬರ್ ಕೊನೆಗೇ ದಾಟಿ ಹೋಯಿತು.

ಉಣಕಲ್_ಕೆರಿ
ಇಲ್ಲಿ ಸಿಕ್ಕಿಬಿದ್ದೆ ನೋಡ್ರಿ 😄 ನಿಯಮದ ಪ್ರಕಾರ ನಿಮ್ಮದೇ ಸರಿ, 7,030. ಮುಳಗುಂದ ಅವರ, ಶೀಟಿನ್ಯಾಗ A2 ಬದಲಿ ಮಾಡ್ರಿ. 6,267 ಚಂದ ಕಾಣತದ ಅಂತ ಇಟ್ಕೋಬ್ಯಾಡ್ರಿ.

ಮುಳಗುಂದ_ನಾಕಾ
ಬದಲಿ ಮಾಡಿದೆ. 2018ರ ಸಾಲಿಗೂ, 2021ರ ಸಾಲಿಗೂ ತಳ ಮುಟ್ಟಿದ ತಾರೀಖು ಹಚ್ಚಿ ಮತ್ತ ಹಾಕ್ತೀನಿ. 2021ಕ್ಕ H ಮೇ 20ರ 42,000 ಹಿಡೀಲೋ, ಜೂನ್‌ದು 41,000ನೋ?

ದುರ್ಗದಬೈಲ್_ಬುಲ್
ಅದು ರೇಂಜ್ ಅಂತ ಹೇಳಿದ್ನಲ್ರೀ.